ಮನೆಯ ಖಾತೆಯಲ್ಲಿ ನಾಯಿಗೊಂದು ಪುಟ

ಅಘನಾಶಿನಿಯ ಕೊಳ್ಳದ ಮೇಲ್ಗಡೆ, ಉಂಚಳ್ಳಿ ಜಲಪಾತದ ದಾರಿಯಲ್ಲಿರುವ ಹೆಗ್ಗರಣೆಯ ಸೀಮೆಯಲ್ಲಿ, ಅಡಿಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದಾಗಿ ಹರಡಿಕೊಂಡಿರುವ ಮನೆಗಳಲ್ಲಿ, ಲೆಕ್ಕವಿಡುವ ಅಭ್ಯಾಸವು ಇಂದು ನಿನ್ನೆಯದಲ್ಲ. ಕೊನೆ ಕೊಯ್ದವನ ಕೂಲಿ, ಕೊಳೆರೋಗಕ್ಕೆಂದು ತಂದ ಮೈಲುತುತ್ತ ಮತ್ತು ಸುಣ್ಣದ ಬೆಲೆ, ಎಮ್ಮೆಯ ಹಿಂಡಿ, ಸೊಸೈಟಿಯ ಸಾಲ, ಅಡಿಕೆ ವಿಕ್ರಿಯಾದ ದಿನ ಆ ಸಾಲಕ್ಕೆ ಜಮಾ ಆದ ಮೊತ್ತ, ಇವೆಲ್ಲಕ್ಕೂ ಮನೆಯ ಯಜಮಾನರ ಪುಸ್ತಕದಲ್ಲಿ ತಮ್ಮ ತಮ್ಮ ಸ್ಥಾನವುಂಟು. ಆದರೆ ಮಂಗಗಳನ್ನು ತೋಟದಿಂದ ಅಟ್ಟುವ, ಇರುಳಿನಲ್ಲಿ ಕಾಡುಹಂದಿಯ ಸುಳಿವನ್ನು ಮೊದಲು ತಿಳಿಸುವ, ಅಪರಿಚಿತರು ದಣಪೆ ದಾಟಿದೊಡನೆ ಮನೆಯವರನ್ನು ಎಚ್ಚರಿಸುವ ನಾಯಿಗೆ ಮಾತ್ರ ಆ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಕಾರಣವನ್ನು ಕೇಳಿದರೆ ದೊರೆಯುವ ಉತ್ತರ ಒಂದೇ: ನಾಯಿಗೆ ಖರ್ಚೇನು ಬಂತು, ಉಳಿದ ಅನ್ನಕ್ಕೆ ಮಜ್ಜಿಗೆ ಹಾಕಿದರಾಯಿತು.

ಈ ಉತ್ತರವು ನಿರ್ದಯೆಯಿಂದ ಹುಟ್ಟಿದುದೆಂದು ನಾನು ಹೇಳಲಾರೆ. ಅದನ್ನು ಹೇಳುವವರೇ ಮರಿಯನ್ನು ಮಡಿಲಲ್ಲಿಟ್ಟು ಸಾಕಿದವರು. ಆದರೆ ಖರ್ಚನ್ನು ಬರೆಯದಿರುವುದಕ್ಕೂ ಖರ್ಚು ಇಲ್ಲದಿರುವುದಕ್ಕೂ ಇರುವ ಅಂತರವು ಆರೋಗ್ಯದ ದಿನಗಳಲ್ಲಿ ಗೋಚರಿಸದೆ, ನಾಯಿ ಅನ್ನವನ್ನು ಮೂಸಿ ಮುಖ ತಿರುಗಿಸಿದ ದಿನ ಥಟ್ಟನೆ ಎದುರಾಗುತ್ತದೆ. ಆ ದಿನ ಮನೆಯಲ್ಲಿ ಏಳುವ ಪ್ರಶ್ನೆ ರೋಗದ್ದಾಗಿರುವುದಿಲ್ಲ. ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಶಿರಸಿಗೋ ಸಿದ್ದಾಪುರಕ್ಕೋ ಬಾಡಿಗೆ ಗಾಡಿ ಮಾಡಿಕೊಂಡು ಹೋಗುವಷ್ಟು ಹಣವನ್ನು ಒಂದು ನಾಯಿಗಾಗಿ ಈ ತಿಂಗಳು ಯಾವ ಬಾಬತಿನಿಂದ ತೆಗೆಯುವುದು ಎಂಬುದಾಗಿರುತ್ತದೆ. ಉತ್ತರ ದೊರೆಯುವಷ್ಟರಲ್ಲಿ ಎರಡು ದಿನಗಳು ಕಳೆದಿರುತ್ತವೆ, ಮತ್ತು ಮಲೆನಾಡಿನ ನಾಯಿಗಳನ್ನು ಕಾಡುವ ಕಾಯಿಲೆಗಳಲ್ಲಿ ಎರಡು ದಿನಗಳ ಬೆಲೆಯು ಬಹಳ ದೊಡ್ಡದು. ಆದುದರಿಂದ ಈ ಲೇಖನದಲ್ಲಿ, ಹೆಗ್ಗರಣೆಯಂತಹ ಊರಿನ ತೋಟದ ಮನೆಯೊಂದರಲ್ಲಿ ಹದಿನೈದು ಕಿಲೋ ತೂಕದ ಸಾಧಾರಣ ಊರನಾಯಿಯನ್ನು ಒಂದು ವರ್ಷ ಕ್ರಮವಾಗಿ ಸಾಕುವುದಕ್ಕೆ ತಗಲುವ ವೆಚ್ಚವನ್ನು ವಿಚಾರಿಸಿ, ಆಕಸ್ಮಿಕಗಳಿಗಾಗಿ ಈಗ ಪೇಟೆಯಲ್ಲಿ ಪ್ರಚಾರಗೊಳ್ಳುತ್ತಿರುವ ವಿಮೆಯು ಅಲ್ಲಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಪರಿಶೀಲಿಸುವೆನು. ಬೆಲೆಗಳು ನನ್ನ ಅಂದಾಜಿನವು. ಓದುಗರು ತಮ್ಮ ಅಂಗಡಿಯ ದರವನ್ನು ಹಾಕಿ ತಿದ್ದಿಕೊಳ್ಳಬಹುದು. ಲೆಕ್ಕದ ಕ್ರಮ ಮಾತ್ರ ಬದಲಾಗದು.

ಮೊದಲು ಆಹಾರ. ಹದಿನೈದು ಕಿಲೋ ತೂಕದ, ಅಂಗಳ ತೋಟಗಳಲ್ಲಿ ಓಡಾಡುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 850ರಿಂದ 950 ಕ್ಯಾಲೊರಿಗಳಷ್ಟು ಶಕ್ತಿಯೂ, ಕಡಿಮೆಯೆಂದರೆ 25 ಗ್ರಾಂ ಪ್ರೋಟೀನೂ ಬೇಕು. ನೂರೈವತ್ತು ಗ್ರಾಂ ಅಕ್ಕಿಯ ಅನ್ನವು ಅದಕ್ಕೆ ಐನೂರಕ್ಕಿಂತ ತುಸು ಮಿಕ್ಕ ಕ್ಯಾಲೊರಿಗಳನ್ನು ಕೊಡುತ್ತದಾದರೂ ಪ್ರೋಟೀನು ಹತ್ತು ಗ್ರಾಂ ಮಾತ್ರ. ಅನ್ನಕ್ಕೆ ನೀರುಮಜ್ಜಿಗೆ ಸುರಿದುಕೊಟ್ಟಾಗ ನಾಯಿಯ ಹೊಟ್ಟೆ ತುಂಬುವುದು ನಿಜ. ಆದರೆ ಬೆಣ್ಣೆ ತೆಗೆದು ನೀರು ಬೆರೆಸಿದ ಮಜ್ಜಿಗೆಯಲ್ಲಿ ಪುಷ್ಟಿಯಾದರೂ ಎಷ್ಟಿದ್ದೀತು! ಬೆನ್ನಿನ ಮೂಳೆ ಕಾಣುವ, ಕೂದಲು ಒರಟಾಗಿ ಉದುರುವ, ಆದರೆ ಹೊಟ್ಟೆ ಮಾತ್ರ ಗುಂಡಗಿರುವ ನಾಯಿಗಳನ್ನು ನಾವು ಹಳ್ಳಿಗಳಲ್ಲಿ ನೋಡುವೆವಷ್ಟೆ. ಅವುಗಳ ಆ ಸ್ಥಿತಿಗೆ ಜಂತುಹುಳುವಿನ ಜೊತೆಗೆ ಈ ಪ್ರೋಟೀನಿನ ಕೊರತೆಯೂ ಹೊಣೆ. ಅದೇ ಅನ್ನಕ್ಕೆ ಕಾಲು ಲೀಟರು ಹಾಲನ್ನೋ ಗಟ್ಟಿ ಮೊಸರನ್ನೋ ಸೇರಿಸಿದರೆ ಎಂಟು ಗ್ರಾಂ ಪ್ರೋಟೀನು ಕೂಡುತ್ತದೆ. ಐವತ್ತು ಗ್ರಾಂ ತೊಗರಿಬೇಳೆಯನ್ನು ಚೆನ್ನಾಗಿ ಬೇಯಿಸಿ ಕಲಸಿದರೆ ಇನ್ನೂ ಹನ್ನೊಂದು ಗ್ರಾಂ. ಅಲ್ಲಿಗೆ ದಿನದ ಅವಶ್ಯಕತೆ ಪೂರೈಸಿತು. ಮೊಟ್ಟೆಯನ್ನು ಒಳಗೆ ತರದ ಮನೆಗಳು ಈ ಸೀಮೆಯಲ್ಲಿ ಬಹಳವಿರುವುದರಿಂದ ಬೇಳೆಯ ಮಾತನ್ನು ಬೇಕೆಂದೇ ಹೇಳಿದೆ. ಮೊಟ್ಟೆ ಒಪ್ಪುವ ಮನೆಯವರು ಬೇಳೆಗೆ ಬದಲಾಗಿ ಎರಡು ಬೇಯಿಸಿದ ಮೊಟ್ಟೆಗಳನ್ನು ಹಾಕಬಹುದು. ಅದು ಇದಕ್ಕಿಂತ ಉತ್ತಮವಾದ ಪ್ರೋಟೀನು, ಖರ್ಚು ಮಾತ್ರ ಹೆಚ್ಚು. ಬೇಳೆಯನ್ನು ನಾಯಿಗೆಂದು ಪ್ರತ್ಯೇಕವಾಗಿ ತೆಗೆದಿಡತಕ್ಕದ್ದು. ಈರುಳ್ಳಿ ಬೆಳ್ಳುಳ್ಳಿಗಳ ಒಗ್ಗರಣೆ ಬಿದ್ದ ಹುಳಿಯನ್ನು ದಿನವೂ ಹಾಕುವುದು ಸಲ್ಲದು, ಏಕೆಂದರೆ ಆ ಎರಡು ವಸ್ತುಗಳೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ವರ್ಷಕ್ಕೆ ಇದು ಐವತ್ತೈದು ಕಿಲೋ ಅಕ್ಕಿ, ತೊಂಬತ್ತೊಂದು ಲೀಟರು ಹಾಲು, ಹದಿನೆಂಟು ಕಿಲೋ ಬೇಳೆ ಆಗುತ್ತದೆ. ಅಕ್ಕಿಗೂ ಹಾಲಿಗೂ ನಲವತ್ತೈದು ರೂಪಾಯಿಯಂತೆ, ಬೇಳೆಗೆ ನೂರೈವತ್ತರಂತೆ ಹಿಡಿದರೆ ಒಟ್ಟು ಸುಮಾರು 9,300 ರೂಪಾಯಿ. ಅಂಗಡಿಯಲ್ಲಿ ಸಿಗುವ ಒಣ ಆಹಾರವನ್ನೇ ಪೂರ್ತಿಯಾಗಿ ಅವಲಂಬಿಸಿದರೆ ದಿನಕ್ಕೆ ಕಾಲು ಕಿಲೋವಿನಂತೆ, ಕಿಲೋಗೆ ಇನ್ನೂರು ರೂಪಾಯಿ ದರದಲ್ಲಿ, ಅದು 18,000ವನ್ನು ದಾಟುತ್ತದೆ. ನಮ್ಮದೇ ಎಮ್ಮೆಯ ಹಾಲು, ನಮ್ಮದೇ ಗದ್ದೆಯ ಅಕ್ಕಿ, ಇದನ್ನೇಕೆ ಬರೆಯಬೇಕು ಎಂಬ ಆಕ್ಷೇಪ ಇಲ್ಲಿ ಬರುವುದು ಸಹಜ. ಡೈರಿಗೆ ಹಾಕಿದ್ದರೆ ದುಡ್ಡಾಗುತ್ತಿದ್ದ ಹಾಲು ಅದು ಎಂಬುದಷ್ಟೇ ಅದಕ್ಕೆ ಸಮಾಧಾನವಲ್ಲ. ಎಮ್ಮೆ ಬತ್ತಿದ ತಿಂಗಳುಗಳಲ್ಲಿ ಮೊದಲು ಹಾಲು ತಪ್ಪುವುದು ನಾಯಿಗೆ. ಬರೆದ ಖರ್ಚಿದ್ದರೆ ಆಗ ಬೇಳೆಯನ್ನು ಹೆಚ್ಚಿಸಬೇಕೆಂಬ ನೆನಪು ಮನೆಗೆ ಉಳಿಯುತ್ತದೆ. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯು, ತನ್ನ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯಗಳನ್ನು ಒದಗಿಸದ ಒಡೆಯನನ್ನು ಅಪರಾಧಿಯೆಂದೇ ಪರಿಗಣಿಸುತ್ತದೆ. ಉಳಿದರೆ ಹಾಕುವುದು, ಇಲ್ಲವಾದರೆ ಇಲ್ಲ ಎಂಬ ಪದ್ಧತಿಗೆ ಆ ಕಾನೂನಿನಲ್ಲಿ ಎಡೆಯಿಲ್ಲ.

ಆಹಾರದ ಬಳಿಕ ರೋಗನಿವಾರಣೆ, ಮತ್ತು ನನ್ನ ವಾದದ ತಿರುಳಿರುವುದು ಇಲ್ಲಿ. ಲಸಿಕೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮರಿಗೆ ಆರರಿಂದ ಎಂಟು ವಾರವಾದಾಗ ಡಿಸ್ಟೆಂಪರ್, ಪಾರ್ವೊ ಮೊದಲಾದವುಗಳ ಸಂಯುಕ್ತ ಲಸಿಕೆಯನ್ನು ಪ್ರಾರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ಹದಿನಾರು ವಾರಗಳವರೆಗೆ ಮುಂದುವರಿಸಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಿ, ಅನಂತರ ವರ್ಷಕ್ಕೊಮ್ಮೆ ನವೀಕರಿಸುವುದು ಕ್ರಮ. ಹುಚ್ಚುನಾಯಿ ರೋಗದ ಲಸಿಕೆಯನ್ನು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು. ಹಾಗೆ ಸಿಕ್ಕಿದಾಗಲೂ ದಿನಾಂಕವನ್ನು ಪುಸ್ತಕದಲ್ಲಿ ಬರೆಯಿಸಿಕೊಳ್ಳಬೇಕು. ವಯಸ್ಕ ನಾಯಿಗೆ ಲಸಿಕೆಗಳೆರಡಕ್ಕೂ 1,100, ಮೂರು ತಿಂಗಳಿಗೊಮ್ಮೆ ಕೊಡುವ ಜಂತಿನ ಔಷಧಕ್ಕೆ 300, ಇಷ್ಟರಲ್ಲಿ ಆ ಕಾರ್ಯ ಮುಗಿಯುತ್ತದೆ. ಮರಿಯ ಮೊದಲ ವರ್ಷಕ್ಕೆ ಮೂರು ಸಾವಿರದಷ್ಟು ಹೆಚ್ಚು ಹಿಡಿಯಬೇಕು.

ಈ ಸೀಮೆಯ ನಿಜವಾದ ವೈರಿಯೆಂದರೆ ಉಣುಗು. ಬೆಟ್ಟಕ್ಕೆ ಸೊಪ್ಪು ದರಕು ತರಲು ಹೋದವರ ಹಿಂದೆಯೇ ಹೋಗುವ ನಾಯಿಯ ಮೈಗೆ ಅಲ್ಲಿಯ ಉಣುಗುಗಳು ಹತ್ತುತ್ತವೆ. ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ವಾಸಿಸುವ ಕಂದು ಬಣ್ಣದ ನಾಯಿ ಉಣುಗಿಗೋ ಋತುಭೇದವೂ ಇಲ್ಲ. ಇವು ಕಚ್ಚಿ ರಕ್ತ ಹೀರುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎರ್ಲಿಕಿಯಾ, ಬಬೇಸಿಯಾ ಎಂಬ ಸೂಕ್ಷ್ಮಜೀವಿಗಳನ್ನು ಅವು ರಕ್ತಕ್ಕೆ ಸೇರಿಸುತ್ತವೆ. ಮೊದಲನೆಯದು ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಕುಗ್ಗಿಸುತ್ತದೆ. ಎರಡನೆಯದು ಕೆಂಪು ಕಣಗಳನ್ನೇ ಒಡೆಯುತ್ತದೆ. ಇವನ್ನೇ ಜನ ಒಟ್ಟಾಗಿ ಉಣುಗಿನ ಜ್ವರವೆಂದು ಕರೆಯುತ್ತಾರೆ. ಇಷ್ಟಲ್ಲದೆ ನಾಯಿಯ ಮೈಮೇಲೆ ಜಗಲಿಯವರೆಗೂ ಸವಾರಿ ಮಾಡಿಬಂದ ಕಾಡಿನ ಉಣುಗು ಮನೆಯವರಿಗೂ ಅಪಾಯಕಾರಿಯಾದುದು. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಹರಡುವುದು ಉಣುಗಿನಿಂದಲೇ. 2024ರ ಬೇಸಿಗೆಯಲ್ಲಿಯೂ ಅದು ಸಿದ್ದಾಪುರ ತಾಲೂಕಿನಲ್ಲಿ ಪ್ರಾಣಗಳನ್ನು ತೆಗೆದುದನ್ನು ಈ ಭಾಗದ ಓದುಗರಿಗೆ ನೆನಪಿಸಬೇಕಾಗಿಲ್ಲ. ಹೀಗಿರುವಾಗ ನಾಯಿಯ ಉಣುಗಿಗೆ ಮಾಡಿದ ವೆಚ್ಚದ ಒಂದಂಶವು ಮನುಷ್ಯರ ಆರೋಗ್ಯಕ್ಕೂ ಸಲ್ಲುವಂಥದೆಂದು ತಿಳಿಯಬೇಕು.

ಉಪಾಯಗಳಲ್ಲಿ ಬೆನ್ನಿನ ಚರ್ಮಕ್ಕೆ ತಿಂಗಳಿಗೊಮ್ಮೆ ಹಾಕುವ ಹನಿಔಷಧವೊಂದು. ಹನ್ನೆರಡು ವಾರಗಳ ಕಾಲ ರಕ್ತದಲ್ಲಿದ್ದು ಕಚ್ಚಿದ ಉಣುಗನ್ನು ಕೊಲ್ಲುವ ಫ್ಲುರಲಾನರ್ ಮಾತ್ರೆ ಇನ್ನೊಂದು. ಹನಿಔಷಧದ ಖರ್ಚು ಕಡಿಮೆಯಾದರೂ, ಜೂನ್ ತಿಂಗಳಿನಿಂದ ಮೂರು ನಾಲ್ಕು ತಿಂಗಳ ಕಾಲ ಮೈ ಒಣಗಲಿಕ್ಕೇ ಬಿಡದ ಮಳೆಯಲ್ಲಿ ನೆನೆಯುವ ನಾಯಿಗೆ ಅದನ್ನು ನಂಬಿ ಕೂರುವುದು ಯುಕ್ತವಲ್ಲ. ಆದಕಾರಣ ನಾನು ಮಾತ್ರೆಯನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ: ವರ್ಷಕ್ಕೆ ನಾಲ್ಕು, ಒಟ್ಟು ಏಳು ಸಾವಿರ. ಅಪಸ್ಮಾರದ ಲಕ್ಷಣವಿರುವ ನಾಯಿಗೆ ಇದನ್ನು ಕೊಡುವ ಮೊದಲು ವೈದ್ಯರಿಗೆ ತಿಳಿಸತಕ್ಕದ್ದು. ಒಂದು ಊರನಾಯಿಗೆ ಏಳು ಸಾವಿರದ ಮಾತ್ರೆಯೇ ಎಂದು ಹುಬ್ಬೇರಿಸುವವರಿಗೆ ನಾನು ಕೊಡಬಲ್ಲ ಉತ್ತರವು ಮುಂದಿನ ಲೆಕ್ಕದಲ್ಲಿದೆ.

ಉಣುಗಿನ ಜ್ವರ ಬಂದ ನಾಯಿಯನ್ನು ಎರಡು ಮನೆಗಳಲ್ಲಿ ಕಲ್ಪಿಸಿಕೊಳ್ಳೋಣ. ಮೊದಲನೆಯ ಮನೆಯಲ್ಲಿ ಸಾಯಂಕಾಲ ನಾಯಿಯನ್ನು ಜಗಲಿಯ ಮೆಟ್ಟಿಲಿನ ಬಳಿ ಕೂರಿಸಿ, ಕಿವಿಯ ಮಡಿಕೆಯನ್ನು ಬಿಡಿಸಿ, ಕುತ್ತಿಗೆಯ ಪಟ್ಟಿಯ ಅಡಿಯಲ್ಲಿ ಬೆರಳಾಡಿಸಿ, ಕಾಲ್ಬೆರಳುಗಳ ಸಂದುಗಳನ್ನು ಅಗಲಿಸಿ ನೋಡುವ ರೂಢಿಯಿದೆ. ಒಂದು ದಿನ ನಾಯಿ ಅನ್ನವನ್ನು ಅರ್ಧಕ್ಕೆ ಬಿಟ್ಟು ಕಟ್ಟಿಗೆಯ ರಾಶಿಯ ಹಿಂದೆ ಹೋಗಿ ಮಲಗುತ್ತದೆ. ಮನೆಯ ಹೆಂಗಸು ಅದರ ತುಟಿಯನ್ನು ಮೇಲೆತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡುತ್ತಾಳೆ. ಆರೋಗ್ಯವಂತ ನಾಯಿಯ ಒಸಡು ಒತ್ತಿದಲ್ಲಿ ಬಿಳುಪಾಗಿ, ಬಿಟ್ಟೊಡನೆ, ಎರಡು ಎಣಿಸುವುದರೊಳಗೆ, ಗುಲಾಬಿ ಬಣ್ಣಕ್ಕೆ ಮರಳುತ್ತದೆ. ಈ ನಾಯಿಯ ಒಸಡು ಒತ್ತುವ ಮೊದಲೇ ಮಾಸಲಾಗಿದೆ, ಮೈ ಬಿಸಿಯಿದೆ. ಮರುದಿನವೇ ಗಾಡಿ ಮಾಡಿ ಶಿರಸಿಗೆ ಒಯ್ದು ರಕ್ತಪರೀಕ್ಷೆ ಮಾಡಿಸಿದಾಗ ಎರ್ಲಿಕಿಯಾ ಎಂದು ನಿಶ್ಚಯವಾಗುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯೇ ಮುಖ್ಯ ಔಷಧ. ಕಿಲೋ ತೂಕಕ್ಕೆ ದಿನಕ್ಕೆ ಹತ್ತು ಮಿಲಿಗ್ರಾಮಿನಂತೆ ಇಪ್ಪತ್ತೆಂಟು ದಿನ, ಬರಿಹೊಟ್ಟೆಯಲ್ಲಿ ಕೊಡದೆ ಅನ್ನದೊಡನೆ ಕೊಡಬೇಕು. ಮೂರನೆಯ ದಿನಕ್ಕೇ ನಾಯಿ ಚುರುಕಾದರೂ ಮಾತ್ರೆಯನ್ನು ನಿಲ್ಲಿಸಲಾಗದು, ನಿಲ್ಲಿಸಿದರೆ ರೋಗವು ಒಳಗೇ ಉಳಿದು ತಿಂಗಳುಗಳ ಮೇಲೆ ಮರುಕಳಿಸೀತು. ಎರಡು ಸಲದ ಗಾಡಿಬಾಡಿಗೆ ಮೂರು ಸಾವಿರ, ವೈದ್ಯರ ಶುಲ್ಕ ಮತ್ತು ಎರಡು ರಕ್ತಪರೀಕ್ಷೆಗಳಿಗೆ ಸಾವಿರದೆಂಟುನೂರು, ಔಷಧಗಳಿಗೆ ಒಂದು ಸಾವಿರ: ಒಟ್ಟು 5,800. ಅದರಲ್ಲಿ ಅರ್ಧಕ್ಕೂ ಮಿಕ್ಕಿದ್ದು ರಸ್ತೆಗೆ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಪೇಟೆಯವರು ಬರೆದ ನಾಯಿಸಾಕಣೆಯ ಲೆಕ್ಕಗಳಲ್ಲಿ ಈ ಬಾಬತೇ ಇರುವುದಿಲ್ಲ.

ಎರಡನೆಯ ಮನೆಯಲ್ಲಿ, ಉಷ್ಣವಾಗಿರಬೇಕು, ಎರಡು ದಿನ ನೋಡೋಣ ಎನ್ನುತ್ತಾರೆ. ಮನೆಯಲ್ಲಿದ್ದ ಜ್ವರದ ಮಾತ್ರೆಯೊಂದನ್ನು ಬೆಲ್ಲದಲ್ಲಿಟ್ಟು ಕೊಡುತ್ತಾರೆ. ಮನುಷ್ಯರಿಗೆ ಹಿತವಾದ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್‌ಗಳು ನಾಯಿಯ ಯಕೃತ್ತಿಗೂ ಮೂತ್ರಪಿಂಡಕ್ಕೂ ಹೊಟ್ಟೆಗೂ ಘಾತುಕವಾಗಬಲ್ಲವೆಂಬುದು ಅವರಿಗೆ ತಿಳಿಯದು. ವಾರ ಕಳೆಯುವಷ್ಟರಲ್ಲಿ ನಾಯಿಯ ಮೂಗಿನಿಂದ ರಕ್ತ ತೊಟ್ಟಿಕ್ಕುತ್ತದೆ, ಇಲ್ಲವೆ ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆಗ ಶಿರಸಿಯಿಂದ ಮುಂದಕ್ಕೆ, ನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿರುವ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಹೋಗುವಂತೆ ಸೂಚನೆ ಬರುತ್ತದೆ. ಬೇರೆ ನಾಯಿಯ ರಕ್ತವನ್ನು ಕೊಡಿಸಬೇಕಾಗಬಹುದು, ದಿನಗಟ್ಟಲೆ ಡ್ರಿಪ್ ಹಾಕಬೇಕಾಗಬಹುದು, ಜೊತೆಗೆ ಹೋದವರು ಅಲ್ಲಿ ಉಳಿಯಬೇಕಾಗಬಹುದು. ಗಾಡಿ, ಔಷಧ, ಊಟ ವಸತಿ, ಕೆಲಸ ಕೆಟ್ಟ ದಿನಗಳು, ಎಲ್ಲವೂ ಸೇರಿ ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಾಗದು, ಮತ್ತು ಅಷ್ಟಾಗಿಯೂ ನಾಯಿ ಉಳಿಯುವುದೆಂಬ ಭರವಸೆಯಿಲ್ಲ. ಒಂದೇ ರೋಗ, ಎರಡು ಮನೆ. ನಡುವಿನ ಅಂತರವು ಹತ್ತೊಂಬತ್ತು ಸಾವಿರ ರೂಪಾಯಿ ಮತ್ತು ಒಂದು ಜೀವ. ವರ್ಷಕ್ಕೆ ಏಳು ಸಾವಿರದ ಮಾತ್ರೆಯನ್ನು ನಾನು ದುಬಾರಿಯೆಂದು ಏಕೆ ಎಣಿಸುವುದಿಲ್ಲವೆಂಬುದು ಇದರಿಂದ ವಿಶದವಾಗಬಹುದು.

ಉಳಿದ ಆಕಸ್ಮಿಕಗಳಲ್ಲಿ ಹಾವಿನ ಕಡಿತವನ್ನು ಮಾತ್ರ ಹೆಸರಿಸುವೆನು. ದರಕಿನ ಅಡಿಯಲ್ಲಿ ಮೂತಿಯಿಟ್ಟು ಮೂಸುವ ನಾಯಿಗೆ ಕಡಿತವು ಮುಖಕ್ಕೋ ಮುಂಗಾಲಿಗೋ ಆಗುವುದು ಹೆಚ್ಚು. ಪ್ರತಿವಿಷದ ಪ್ರಮಾಣವನ್ನು ದೇಹದ ತೂಕವು ನಿರ್ಧರಿಸುವುದಿಲ್ಲ, ಹಾವು ಬಿಟ್ಟ ವಿಷವು ನಿರ್ಧರಿಸುತ್ತದೆ. ಆದುದರಿಂದ ನಾಯಿ ಚಿಕ್ಕದೆಂದು ಔಷಧವೂ ಸ್ವಲ್ಪವೇ ಸಾಕು ಎಂಬ ಎಣಿಕೆ ತಪ್ಪು. ನಮ್ಮಲ್ಲಿ ಸಿಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕಾಗಿ ತಯಾರಾದುದು. ತೋಟದ ಹಸುರಿನಲ್ಲಿ ಅಡಗಿರುವ ಗುಳಿಮಂಡಲಗಳಿಗೆ ಅದು ಒದಗದು. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆ, ರಾತ್ರಿ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಮಳೆಗಾಲಕ್ಕೆ ಮುಂಚೆ ವಿಚಾರಿಸಿ ಬರೆದಿಡುವುದಕ್ಕೆ ಕಾಸೂ ತಗಲದು. ಚಿಕಿತ್ಸೆಗಾದರೋ ಹತ್ತು ಹದಿನೈದು ಸಾವಿರ ಒಂದೇ ರಾತ್ರಿಯಲ್ಲಿ ಬೇಕಾಗುತ್ತದೆ.

ಈಗ ವಿಮೆಯ ವಿಚಾರ. ಈ ಸೀಮೆಯವರಿಗೆ ವಿಮೆ ಹೊಸದಲ್ಲ. ಕಿವಿಗೆ ಓಲೆ ಹಾಕಿಸಿ ಎಮ್ಮೆ ಆಕಳುಗಳಿಗೆ ವಿಮೆ ಮಾಡಿಸಿದ ಮನೆಗಳು ಬಹಳವಿವೆ. ಸರ್ಕಾರಿ ವಿಮಾ ಕಂಪೆನಿಗಳು ನಾಯಿಗಳಿಗೆಂದು ನಡೆಸಿಕೊಂಡು ಬಂದ ಹಳೆಯ ಪದ್ಧತಿಯೂ ಅದೇ ಮಾದರಿಯದು: ಪ್ರಾಣಿ ಸತ್ತರೆ ಅದರ ಪೇಟೆಯ ಬೆಲೆಯನ್ನು ಆಧಾರವಾಗಿಟ್ಟು ಹಣ ಕೊಡುವುದು. ಎಮ್ಮೆಯ ವಿಷಯದಲ್ಲಿ ಇದು ಸರಿಯಾದುದೇ, ಏಕೆಂದರೆ ಎಮ್ಮೆ ಸತ್ತರೆ ಹಾಲಿನ ಆದಾಯ ನಿಲ್ಲುತ್ತದೆ, ಇನ್ನೊಂದನ್ನು ಕೊಳ್ಳಲು ಹಣ ಬೇಕಾಗುತ್ತದೆ. ಊರನಾಯಿಗೆ ಪೇಟೆಯ ಬೆಲೆಯೇ ಇಲ್ಲ. ಮತ್ತು ಅದರ ಒಡೆಯನಿಗೆ ಬೇಕಾದುದು ಸತ್ತ ಮೇಲಿನ ಪರಿಹಾರವೂ ಅಲ್ಲ, ಬದುಕಿಸಿಕೊಳ್ಳುವುದಕ್ಕೆ ಬೇಕಾದ ಹಣ. ಈ ಕೊರತೆಯನ್ನು ಮನಗಂಡು 2020ರ ಸುಮಾರಿನಿಂದ ಬಜಾಜ್ ಅಲಯನ್ಸ್ ಮೊದಲಾದ ಖಾಸಗಿ ಕಂಪೆನಿಗಳು ಶಸ್ತ್ರಚಿಕಿತ್ಸೆ, ಆಸ್ಪತ್ರೆವಾಸ, ಅನ್ಯರಿಗೆ ನಾಯಿಯಿಂದಾದ ಹಾನಿ, ಕಳವು ಮುಂತಾದವುಗಳನ್ನು ಒಳಗೊಂಡ ನಾಯಿವಿಮೆಗಳನ್ನು ತಂದಿವೆ. ಇದು ಒಳ್ಳೆಯ ಬೆಳವಣಿಗೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಪಾಲಿಸಿಯ ಕರಾರುಗಳನ್ನು ಹೆಗ್ಗರಣೆಯ ಅಂಗಳದಲ್ಲಿ ಕುಳಿತು ಓದಬೇಕು. ಇಂತಹ ವಿಮೆಗಳಲ್ಲಿ ಸಾಮಾನ್ಯವಾಗಿ ಲಸಿಕೆಯ ದಾಖಲೆ ಬೇಕಾಗುತ್ತದೆ. ಲಸಿಕೆಯಿಂದ ತಡೆಯಬಹುದಾದ ರೋಗಗಳು ಹೊರಗುಳಿಯುತ್ತವೆ. ಪ್ರಾರಂಭದ ಕೆಲವು ದಿನಗಳ ಕಾಯುವ ಅವಧಿಯಿರುತ್ತದೆ. ಮೊದಲೇ ಇದ್ದ ರೋಗಕ್ಕೆ ಹಣ ಸಿಗದು. ವಯಸ್ಸಾದ ನಾಯಿಯನ್ನು ಹೊಸದಾಗಿ ಸೇರಿಸಿಕೊಳ್ಳರು. ಈ ಕರಾರುಗಳನ್ನು ಮೇಲೆ ಹೇಳಿದ ಎರಡು ಮನೆಗಳಿಗೆ ಅನ್ವಯಿಸಿ ನೋಡಿರಿ. ಮರುದಿನವೇ ವೈದ್ಯರಲ್ಲಿಗೆ ಹೋದ ಮೊದಲನೆಯ ಮನೆಯ ಚಿಕಿತ್ಸೆ ಹೊರರೋಗಿಯದು. ಆಸ್ಪತ್ರೆವಾಸಕ್ಕಷ್ಟೇ ಹಣ ಕೊಡುವ ಪಾಲಿಸಿಯಲ್ಲಿ, ಹೊರರೋಗಿ ಚಿಕಿತ್ಸೆಯನ್ನು ಪ್ರತ್ಯೇಕ ಕಂತು ತೆತ್ತು ಸೇರಿಸಿಕೊಂಡಿರದಿದ್ದರೆ, ಅವರಿಗೆ ಏನೂ ಬರದು. ಅವರ ಖರ್ಚಿನ ಅರ್ಧಕ್ಕೂ ಮಿಕ್ಕಿದ್ದ ಗಾಡಿಬಾಡಿಗೆಯು ಚಿಕಿತ್ಸೆಯ ಬಿಲ್ಲಿನಲ್ಲಿ ಸೇರುವಂಥದೂ ಅಲ್ಲ. ಎರಡನೆಯ ಮನೆಗೆ ಒಂದು ಪಾಲು ಬಂದೀತು; ಅದಕ್ಕಾಗಿ ವೈದ್ಯರ ಚೀಟಿ, ಪರೀಕ್ಷಾ ವರದಿ, ಪ್ರತಿಯೊಂದು ಔಷಧದ ಮೂಲ ಬಿಲ್ಲು, ಇವಿಷ್ಟನ್ನೂ ಕೂಡಿಡಬೇಕು. ಇನ್ನು ಚಿರತೆ. ಇರುಳು ಅಂಗಳದಿಂದ ನಾಯಿಯನ್ನು ಎಳೆದೊಯ್ದ ಮೇಲೆ, ಮರಣದ ಪರಿಹಾರಕ್ಕೆ ಕೇಳುವ ವೈದ್ಯರ ಪ್ರಮಾಣಪತ್ರವನ್ನೂ ಶವಪರೀಕ್ಷೆಯ ವರದಿಯನ್ನೂ ಯಾವ ದೇಹವನ್ನು ತೋರಿಸಿ ಪಡೆಯುವುದು? ಅದರ ವಿರುದ್ಧದ ರಕ್ಷಣೆಯೆಂದರೆ ಕತ್ತಲಾಗುವ ಮೊದಲು ನಾಯಿಯನ್ನು ಕೊಟ್ಟಿಗೆಗೋ ಭದ್ರವಾದ ಕಬ್ಬಿಣದ ಗೂಡಿಗೋ ಸೇರಿಸಿ ಬಾಗಿಲು ಹಾಕುವುದೊಂದೇ. ಎಂಟು ಸಾವಿರದ ಗೂಡು ಹತ್ತು ವರ್ಷ ಬಾಳುತ್ತದೆ. ಸರಪಳಿಯಲ್ಲಿ ಅಂಗಳಕ್ಕೆ ಕಟ್ಟಿದ ನಾಯಿಗೆ ಓಡಿ ಪಾರಾಗುವ ಅವಕಾಶವೂ ಇಲ್ಲವೆಂಬುದನ್ನು ಮರೆಯಬಾರದು.

ವಿಮೆಯ ಪಕ್ಷದಲ್ಲಿ ಒಂದು ಬಲವಾದ ವಾದವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಾವೇ ಕೂಡಿಡುವ ನಿಧಿಯು ಮೊದಲ ವರ್ಷದಲ್ಲಿ ಚಿಕ್ಕದಾಗಿರುತ್ತದೆ, ಆಪತ್ತಾದರೋ ನಿಧಿ ಬೆಳೆಯುವವರೆಗೆ ಕಾದಿರುವುದಿಲ್ಲ. ಕಾಯುವ ಅವಧಿ ಮುಗಿದ ಮರುದಿನವೇ ವಿಮೆಯ ಪೂರ್ಣ ಮೊತ್ತವು ಲಭ್ಯ. ಬೆಂಗಳೂರಿನಲ್ಲಿ, ಹತ್ತು ನಿಮಿಷದ ದಾರಿಯಲ್ಲಿ ದೊಡ್ಡ ಆಸ್ಪತ್ರೆಯಿರುವ ಬಡಾವಣೆಯಲ್ಲಿ, ಸೊಂಟದ ಕೀಲಿನ ತೊಂದರೆಗೆ ಈಡಾಗುವ ಲ್ಯಾಬ್ರಡಾರನ್ನೋ ಜರ್ಮನ್ ಶೆಫರ್ಡನ್ನೋ ಸಾಕಿದವರು ವಿಮೆ ಮಾಡಿಸುವುದೇ ವಿವೇಕವೆಂದು ನಾನೂ ಹೇಳುವೆನು. ಅಲ್ಲಿ ಒಂದು ಶಸ್ತ್ರಚಿಕಿತ್ಸೆಯ ಮೊತ್ತವು ಐದು ವರ್ಷಗಳ ಕಂತನ್ನು ನುಂಗಬಲ್ಲದು. ದಾರಿಹೋಕರನ್ನು ಕಚ್ಚುವ ಸ್ವಭಾವದ ನಾಯಿ ರಸ್ತೆಬದಿಯ ಮನೆಯಲ್ಲಿದ್ದರೆ, ಅನ್ಯರಿಗಾದ ಹಾನಿಯನ್ನು ತುಂಬಿಕೊಡುವ ಭಾಗವೊಂದಕ್ಕಾಗಿಯೇ ಪಾಲಿಸಿ ಪಡೆದರೂ ತಪ್ಪಲ್ಲ. ತೋಟದ ಒಂಟಿಮನೆಯ ಊರನಾಯಿಗೆ ಮಾತ್ರ ನನ್ನ ತೀರ್ಮಾನ ಬೇರೆ. ಅದಕ್ಕೆ ಬರುವ ಆಪತ್ತುಗಳಲ್ಲಿ ಹೆಚ್ಚಿನವು ಒಂದೋ ಮುಂಚೆಯೇ ತಡೆಯಬಹುದಾದವು, ಇಲ್ಲವೆ ಕೂಡಲೇ ಕೈಯಲ್ಲಿ ನಗದು ಬೇಕಾಗುವಂಥವು. ಬಿಲ್ಲು ಕಳಿಸಿ ತಿಂಗಳ ಮೇಲೆ ಬರುವ ಹಣವು ಆ ರಾತ್ರಿಯ ಗಾಡಿಯನ್ನು ಹೊರಡಿಸದು.

ಆದುದರಿಂದ ಕಂತಿಗೆ ಬದಲಾಗಿ ನಿಧಿ. ಅಡಿಕೆ ಬೆಳೆಗಾರನ ಆದಾಯವು ತಿಂಗಳ ಸಂಬಳದಂತೆ ಬರುವಂಥದಲ್ಲ. ಕೊಯ್ಲಾಗಿ, ಒಣಗಿ, ಸುಲಿದು, ಶಿರಸಿಯ ಅಥವಾ ಸಿದ್ದಾಪುರದ ಸಹಕಾರಿ ಸಂಘದಲ್ಲಿ ವಿಕ್ರಿಯಾದಾಗ ಒಟ್ಟಿಗೆ ಬರುತ್ತದೆ. ನಾಯಿಯ ನಿಧಿಯನ್ನೂ ಅದೇ ದಿನ ತೆಗೆದಿಡಬೇಕು. ಮರಿ ತರುವ ವರ್ಷ ಹತ್ತು ಸಾವಿರವನ್ನು ಊರಿನ ಸೊಸೈಟಿಯ ಉಳಿತಾಯ ಖಾತೆಯಲ್ಲಿ ಬೇರೆಯಾಗಿಟ್ಟು, ಅನಂತರ ವರ್ಷಕ್ಕೆ ಆರು ಸಾವಿರದಂತೆ ಸೇರಿಸುತ್ತ ಬಂದರೆ, ನಡುವೆ ಖರ್ಚಾಗದಿದ್ದ ಪಕ್ಷದಲ್ಲಿ ಮೂರು ವರ್ಷಗಳೊಳಗೆ ಅದು ಇಪ್ಪತ್ತೆಂಟು ಸಾವಿರವಾಗುತ್ತದೆ. ಮೇಲಿನ ಎರಡನೆಯ ಮನೆಯ ಆಪತ್ತನ್ನೂ ಅದು ತಾಳಿಕೊಳ್ಳಬಲ್ಲದು. ಮುಟ್ಟದೆ ಉಳಿದ ಹಣ ನಿಮ್ಮದೇ. ನಿಶ್ಚಿತ ಠೇವಣಿಯಲ್ಲಿಡುವುದು ಬೇಡ. ರಾತ್ರಿ ಹಾವು ಕಡಿದಾಗ ಠೇವಣಿಯ ರಸೀದಿಯಿಂದ ಉಪಯೋಗವಿಲ್ಲ, ನಿಧಿಯಲ್ಲಿ ಎರಡು ಸಾವಿರವು ಸದಾ ಮನೆಯಲ್ಲಿಯೇ ನಗದಾಗಿರಲಿ.

ಒಟ್ಟು ಲೆಕ್ಕವನ್ನು ಈಗ ಒಂದೆಡೆ ಕೂಡಿಸಬಹುದು. ಆಹಾರ 9,300, ಲಸಿಕೆ, ಜಂತಿನ ಔಷಧ, ಉಣುಗಿನ ಮಾತ್ರೆ 8,400, ವರ್ಷಕ್ಕೆ ಎರಡು ಸಲ ವೈದ್ಯರಲ್ಲಿಗೆ ಹೋಗಿಬರುವ ಖರ್ಚು, ಪೇಟೆಯ ಬೇರೆ ಕೆಲಸದೊಡನೆ ಹೊಂದಿಸಿಕೊಂಡರೆ, 1,600, ಪಟ್ಟಿ, ಸಾಬೂನು, ಹಾಸು, ಪಾತ್ರೆ 1,200, ಗೂಡಿನ ಮತ್ತು ಒಮ್ಮೆ ಮಾಡಿಸುವ ಸಂತಾನಹರಣ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಹತ್ತು ವರ್ಷಗಳಿಗೆ ಹಂಚಿದಾಗ 1,300, ನಿಧಿಗೆ 6,000. ಎಲ್ಲವೂ ಸೇರಿ ವರ್ಷಕ್ಕೆ 27,800, ತಿಂಗಳಿಗೆ ಎರಡು ಸಾವಿರದ ಮುನ್ನೂರರಷ್ಟು. ಸಂತಾನಹರಣವನ್ನು ಹೆಣ್ಣುನಾಯಿಗೆ ತಪ್ಪಿಸಲೇಬಾರದು. ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ, ವರ್ಷಕ್ಕೆ ಎರಡು ಸಲ ಹುಟ್ಟಿ ಪೇಟೆಯ ರಸ್ತೆಗೆ ಬಿಡಲ್ಪಡುವ ಮರಿಗಳೂ ಅದರಿಂದ ನಿಲ್ಲುತ್ತವೆ.

ಈ ಮೊತ್ತವನ್ನು ಕಂಡು, ಹಾಗಾದರೆ ಬಡವರು ನಾಯಿಯನ್ನೇ ಸಾಕಬಾರದೆ ಎಂದು ಯಾರಾದರೂ ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ. ಲೆಕ್ಕದಲ್ಲಿ ಕಡಿತ ಮಾಡಬೇಕಾದಾಗ ಯಾವುದನ್ನು ಕೊನೆಯವರೆಗೆ ಉಳಿಸಬೇಕು ಎಂಬುದನ್ನು ಹೇಳಬಲ್ಲೆನು. ಹುಚ್ಚುನಾಯಿ ರೋಗದ ಲಸಿಕೆ, ಅನ್ನದೊಡನೆ ಬೇಳೆ, ದಿನವೂ ಕೈಯಿಂದ ಉಣುಗು ಹುಡುಕುವ ಕೆಲಸ, ಇರುಳಿನ ಭದ್ರವಾದ ಜಾಗ, ಮತ್ತು ಒಂದು ಗಾಡಿಯ ಬಾಡಿಗೆಯಷ್ಟು ನಗದು: ಈ ಐದನ್ನು ಬಿಡಲಾಗದು. ಮಾತ್ರೆಯ ಸ್ಥಾನದಲ್ಲಿ, ಮಳೆಯಿಲ್ಲದ ತಿಂಗಳುಗಳಲ್ಲಾದರೂ, ಹನಿಔಷಧವನ್ನು ಬಳಸಿ ಮೂರು ಸಾವಿರ ಉಳಿಸಬಹುದು. ಅಕ್ಕಪಕ್ಕದ ಎರಡು ಮನೆಯವರು ಕೂಡಿ ಒಂದೇ ಗಾಡಿಯಲ್ಲಿ ನಾಯಿಗಳನ್ನು ಲಸಿಕೆಗೆ ಒಯ್ಯಬಹುದು. ಎರಡು ನಾಯಿಗಳನ್ನು ಅರೆಹೊಟ್ಟೆಯಲ್ಲಿಡುವ ಮನೆಯು ಒಂದನ್ನೇ ಸರಿಯಾಗಿ ಸಾಕಬಹುದು.

ಈ ಸಲ ಅಡಿಕೆಯ ಪಟ್ಟಿ ಕೈಗೆ ಬಂದ ದಿನ, ಸೊಸೈಟಿಯಿಂದ ಹೊರಡುವ ಮೊದಲು, ನಾಯಿಯ ಹೆಸರಿನಲ್ಲಿ ಪುಸ್ತಕದ ಒಂದು ಪುಟವನ್ನು ತೆರೆದು ಮೊದಲ ಜಮೆಯನ್ನು ಬರೆಯಿರಿ. ಮರಿ ತರಬೇಕೆಂದಿರುವವರು ಆ ಹತ್ತು ಸಾವಿರ ಕೂಡುವವರೆಗೆ ಮರಿಯನ್ನು ತಾಯಿಯ ಬಳಿಯಿಂದ ಎತ್ತಿ ತರಬೇಡಿರಿ.